ಪಕ್ಕದ ಫ್ಲ್ಯಾಟಿನವರ ಕಾರು ಗುದ್ದಿದರೆ ಯಾರ ವಿಮೆ?

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಮ್ಮ ಕಾರು ಅದರ ಪಾಡಿಗೆ ನಿಂತಿದೆ. ಎದುರು ಸಾಲಿನ ಮನೆಯವರು ತಮ್ಮ ದೊಡ್ಡ ಗಾಡಿಯನ್ನು ರಿವರ್ಸ್ ತೆಗೆಯುವಾಗ ಅದರ ಮೂತಿಗೆ ಗುದ್ದುತ್ತಾರೆ. ಎಡಗಡೆ ಫೆಂಡರ್ ಒಳಗೆ ಹೋಗುತ್ತದೆ, ಬಂಪರ್ ಸೀಳುತ್ತದೆ. ತಪ್ಪು ಯಾರದು ಎಂಬ ವಾದವೇ ಇಲ್ಲ. ನಿಂತ ಕಾರು ಯಾರಿಗೂ ಅಡ್ಡ ಬರಲಾರದು. ಹಾಗಾಗಿ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು: "ಅವರ ಇನ್ಶೂರೆನ್ಸಲ್ಲಿ ಮಾಡಿಸಿಕೊಡಲಿ."

ಮಾತು ನ್ಯಾಯವಾದದ್ದೇ. ಆದರೆ ನಮ್ಮ ದೇಶದಲ್ಲಿ ಆ ದಾರಿ ಅಷ್ಟು ನೇರವಾಗಿಲ್ಲ. ನಿಮ್ಮ ಸ್ವಂತ ಪಾಲಿಸಿಯಲ್ಲಾದರೆ ಕಾರನ್ನು ಗ್ಯಾರೇಜಿಗೆ ಬಿಟ್ಟು, ಕ್ಲೇಮ್ ಫಾರ್ಮ್ ತುಂಬಿ, ಸರ್ವೇಯರ್ ಬಂದು ನೋಡಿದ ಮೇಲೆ ಕೆಲವೇ ದಿನಗಳಲ್ಲಿ ರಿಪೇರಿ ಮುಗಿಯುತ್ತದೆ. ಗುದ್ದಿದವರ ಕಂಪನಿಗೆ ನೀವು ಗ್ರಾಹಕರಲ್ಲ, 'ಮೂರನೇ ವ್ಯಕ್ತಿ'. ಎಸ್ಟಿಮೇಟ್ ಕಳಿಸಿದ ಮಾತ್ರಕ್ಕೆ ಅವರು ಹಣ ಕೊಡುವ ರೂಢಿ ಇಲ್ಲ. ನ್ಯಾಯಮಂಡಳಿಯ ಆದೇಶವನ್ನೋ, ರಾಜಿ ಒಪ್ಪಂದವನ್ನೋ ಕೇಳುತ್ತಾರೆ.

ಹಾಗಾದರೆ ಸ್ವಂತ ಪಾಲಿಸಿಯೇ ಸರಿ ಎನ್ನೋಣವೇ? ಅದಕ್ಕೆ ಮೊದಲು ಒಂದು ಲೆಕ್ಕ ಹಾಕಬೇಕು.

ಉದಾಹರಣೆಗೆ 1200 ಸಿಸಿಯ, ನಾಲ್ಕನೇ ವರ್ಷದಲ್ಲಿರುವ ಒಂದು ಸಣ್ಣ ಕಾರು ಎಂದಿಟ್ಟುಕೊಳ್ಳಿ. ಗ್ಯಾರೇಜಿನವರು ತೆರಿಗೆ ಸೇರಿಸಿ 17,000 ರೂಪಾಯಿಯ ಎಸ್ಟಿಮೇಟ್ ಕೊಟ್ಟಿದ್ದಾರೆ. ಹೊಸ ಬಂಪರಿಗೆ 4,000, ಫೆಂಡರ್ ಬಡಿದು ಸರಿಮಾಡುವ ಟಿಂಕರಿಂಗಿಗೆ 3,500, ಎರಡಕ್ಕೂ ಬಣ್ಣ ಹೊಡೆಯಲು 8,000, ಬಿಚ್ಚಿ ಜೋಡಿಸುವ ಕೂಲಿ 1,500. 'ಜೀರೋ ಡೆಪ್ರಿಸಿಯೇಷನ್' ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿಲ್ಲ.

ವಿಮೆ ಕಂಪನಿ ಇದರಲ್ಲಿ ಸವಕಳಿ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರು ಎಷ್ಟೇ ಹೊಸದಿದ್ದರೂ ಅರ್ಧ ಬೆಲೆ ಮಾತ್ರ. ಹಾಗಾಗಿ ಬಂಪರಿನಲ್ಲಿ 2,000 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗ ಸಾಮಗ್ರಿಯದ್ದೆಂದು ಹಿಡಿದು, ಅದರ ಅರ್ಧವನ್ನು ಕಳೆಯುತ್ತಾರೆ. ಅಲ್ಲಿ ಇನ್ನೊಂದು 1,000. ಫೆಂಡರನ್ನು ಬದಲಾಯಿಸದೆ ಬಡಿದು ಸರಿಮಾಡುವುದರಿಂದ ಅದಕ್ಕೆ ಸವಕಳಿ ಇಲ್ಲ. ಕೊನೆಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹೊರಬೇಕಾದ ಕಡ್ಡಾಯ ಪಾಲು ಎಂದು ಒಂದಿದೆ. 1500 ಸಿಸಿವರೆಗಿನ ಕಾರಿಗೆ ಅದು 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ಎಲ್ಲ ಸೇರಿ 4,000 ನಿಮ್ಮ ಜೇಬಿನಿಂದ, 13,000 ಕಂಪನಿಯಿಂದ.

ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ನಿಜವಾದ ಖರ್ಚು ಕಾಣುವುದು ಮುಂದಿನ ವರ್ಷ ಪಾಲಿಸಿ ನವೀಕರಿಸುವಾಗ.

ಸ್ವಂತ ಹಾನಿಯ ಕ್ಲೇಮ್ ಇಲ್ಲದೆ ವರ್ಷ ಕಳೆದವರಿಗೆ ಪ್ರೀಮಿಯಂನಲ್ಲಿ ಕೊಡುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ; ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ಗೊತ್ತುಮಾಡಿದ ದರ, ಅದರಲ್ಲಿ ರಿಯಾಯಿತಿ ಇಲ್ಲ. ಕಹಿ ವಿಷಯವೆಂದರೆ, ಈ ಬೋನಸ್ಸಿಗೆ ತಪ್ಪು ಯಾರದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನಿಂತ ಕಾರಿಗೆ ಬೇರೆಯವರು ಬಂದು ಗುದ್ದಿದರೂ, ನೀವು ಕ್ಲೇಮ್ ಮಾಡಿದಿರೋ ಇಲ್ಲವೋ ಎಂಬುದಷ್ಟೇ ಅವರು ನೋಡುವುದು. ಮಾಡಿದಿರಾದರೆ ಬೋನಸ್ ಸೊನ್ನೆಗೆ ಇಳಿಯುತ್ತದೆ. ಅದನ್ನು ಕಾಯುವ ಹೆಚ್ಚುವರಿ ರಕ್ಷಣೆಗೆ ಮೊದಲೇ ಹಣ ಕಟ್ಟಿದ್ದವರು ಮಾತ್ರ ಬಚಾವ್.

ನಮ್ಮ ಉದಾಹರಣೆಯ ಕಾರಿಗೆ ಈಗ ಶೇ. 35 ಬೋನಸ್ ಇದೆ, ಮುಂದಿನ ಬಾರಿ 45 ಸಿಗಬೇಕಿತ್ತು. ಬೋನಸ್ ಕಳೆಯುವ ಮುಂಚಿನ ಸ್ವಂತ ಹಾನಿಯ ಪ್ರೀಮಿಯಂ 9,000 ಎಂದಾದರೆ ಮೊದಲ ನವೀಕರಣದಲ್ಲೇ 4,050 ರೂಪಾಯಿ ನಷ್ಟ. ಅದರ ಮರುವರ್ಷ 50 ಇರಬೇಕಾದ ಕಡೆ 20 ಇರುತ್ತದೆ, ಆಮೇಲೆ 25, 35, 45. ಕಾರು ಹಳತಾದಂತೆ ಪ್ರೀಮಿಯಂ 8,000, 7,200, 6,500, 6,000 ಎಂದು ಇಳಿಯುತ್ತದೆಂದು ಹಿಡಿದರೂ, ಈ ಐದು ನವೀಕರಣಗಳಲ್ಲಿ ಕೈತಪ್ಪುವ ರಿಯಾಯಿತಿ ಸುಮಾರು 9,500. ಅದರ ಮೇಲಿನ ಶೇ. 18 ಜಿಎಸ್‌ಟಿ ಸೇರಿಸಿದರೆ 11,200. ಕಂಪನಿ ಕೊಟ್ಟ 13,000ದಲ್ಲಿ ನಿಮಗೆ ನಿಜವಾಗಿ ಉಳಿದದ್ದು 1,800 ರೂಪಾಯಿ. ಜೀರೋ ಡೆಪ್ರಿಸಿಯೇಷನ್ ಇದ್ದರೂ 4,800 ದಾಟದು.

ಈ ಐದು ವರ್ಷಗಳಲ್ಲಿ ಇನ್ನೊಂದು ಕ್ಲೇಮ್ ಹೇಗೂ ಆಗುತ್ತದೆ ಎನ್ನುವವರಿಗೆ ನಷ್ಟ ಇಷ್ಟಿಲ್ಲ. ಬೋನಸ್ ಆಗಲಾದರೂ ಹೋಗುವುದೇ ಇತ್ತು. ಬೆಂಗಳೂರಿನ ರಸ್ತೆಗಳಲ್ಲಿ ದಿನಾ ಓಡಾಡುವವರು ಇದನ್ನೂ ಗಮನದಲ್ಲಿಟ್ಟುಕೊಳ್ಳಬೇಕು. ಅದೇ ರೀತಿ, ಬೋನಸ್ಸಿನ ನಷ್ಟ ಕ್ಲೇಮಿನ ಮೊತ್ತವನ್ನು ನೋಡಿ ಹೆಚ್ಚು ಕಡಿಮೆ ಆಗುವುದಿಲ್ಲ. ಬಿಲ್ 17,000 ಇದ್ದರೂ 70,000 ಇದ್ದರೂ ಹೋಗುವುದು ಅದೇ 11,200. ದೀಪ, ರೇಡಿಯೇಟರ್, ಬಾನೆಟ್ ಎಲ್ಲಕ್ಕೂ ಪೆಟ್ಟು ಬಿದ್ದಿದ್ದರೆ ಹಿಂದೆ ಮುಂದೆ ನೋಡದೆ ಸ್ವಂತ ಪಾಲಿಸಿ ಬಳಸಿ.

ಈಗ ಗುದ್ದಿದವರ ವಿಮೆಯ ದಾರಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಇನ್ನೊಬ್ಬರ ಆಸ್ತಿಗಾದ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಆದರೆ ವರ್ಷಕ್ಕೆ ನೂರು ರೂಪಾಯಿ ಉಳಿಯುತ್ತದೆಂದು ಇದನ್ನು 6,000ಕ್ಕೆ ಇಳಿಸಿಕೊಳ್ಳುವ ಅವಕಾಶವೂ ಇದೆ. ಎದುರಿನವರ ಪಾಲಿಸಿಯಲ್ಲಿ 6,000 ಎಂದು ಬರೆದಿದ್ದರೆ ಆ ಕಂಪನಿಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ, ಉಳಿದದ್ದಕ್ಕೆ ಅವರೇ ಹೊಣೆ.

ಹಣ ಪಡೆಯಲು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ಈ ಕೆಲಸ ನಡೆಯುವುದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ. 2019ರ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಅದರಲ್ಲಿ ವಿಮಾ ಕಂಪನಿಯಷ್ಟೇ ಅಲ್ಲ, ಪಕ್ಕದ ಫ್ಲ್ಯಾಟಿನವರೂ ಎದುರುದಾರರಾಗುತ್ತಾರೆ. ಲಿಫ್ಟಿನಲ್ಲಿ ದಿನಾ ಸಿಗುವವರ ಮನೆಗೆ ನೋಟಿಸು ಹೋಗುತ್ತದೆ.

ನೆಲಮಾಳಿಗೆಯ ಪ್ರಕರಣಗಳಿಗೆ ಇನ್ನೊಂದು ತೊಡಕಿದೆ. ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆಯ ಕಲಮುಗಳು 'ಸಾರ್ವಜನಿಕ ಸ್ಥಳ'ದ ಮಾತನ್ನಾಡುತ್ತವೆ, ಅಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ. ಗೇಟು, ಸೆಕ್ಯುರಿಟಿ, ಸ್ಟಿಕರ್ ಇದ್ದವರಿಗಷ್ಟೇ ಪ್ರವೇಶವಿರುವ ಪಾರ್ಕಿಂಗ್ ಆ ವ್ಯಾಖ್ಯಾನಕ್ಕೆ ಒಳಪಡುತ್ತದೆಯೇ ಎಂಬ ಪ್ರಶ್ನೆಯನ್ನು ಎದುರು ಕಂಪನಿಯ ವಕೀಲರು ಎತ್ತಬಹುದು. ಪೊಲೀಸ್ ಠಾಣೆಯಲ್ಲೂ ಇದೇ ಕಥೆ. ಅಜಾಗರೂಕ ಚಾಲನೆಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ದಾರಿಯಲ್ಲಿ ಓಡಿಸಿದ್ದಕ್ಕೆ ಅನ್ವಯಿಸುವಂಥದ್ದು. ಯಾರಿಗೂ ಗಾಯವಾಗದ, ಕಾಂಪೌಂಡಿನೊಳಗಿನ ಡೆಂಟಿಗೆ ಎಫ್‌ಐಆರ್ ಆಗುವುದು ಅಪರೂಪ. ದೂರು ಪಡೆದು ಒಂದು ಹಿಂಬರಹ ಕೊಟ್ಟರೆ ಅದೇ ಹೆಚ್ಚು. 17,000 ರೂಪಾಯಿಗಾಗಿ ಇಷ್ಟೆಲ್ಲ ಅಲೆಯಿರಿ ಎಂದು ನಾನಂತೂ ಯಾರಿಗೂ ಹೇಳಲಾರೆ. ಆದರೆ ಹಳೆಯ ಕಾರೆಂದು ಸ್ವಂತ ಹಾನಿಯ ವಿಮೆ ಬಿಟ್ಟು ಥರ್ಡ್ ಪಾರ್ಟಿ ಮಾತ್ರ ಇಟ್ಟುಕೊಂಡವರಿಗೆ, ಹಾನಿ ದೊಡ್ಡದಾಗಿ ಎದುರಿನವರೂ ಕೈಯೆತ್ತಿದರೆ, ಉಳಿಯುವುದು ಇದೊಂದೇ ದಾರಿ. ಆರು ತಿಂಗಳ ಗಡುವನ್ನು ಅವರು ಮರೆಯಬಾರದು.

ಮೂರನೆಯ ಆಯ್ಕೆಯೇ ಸಣ್ಣ ಪೆಟ್ಟುಗಳಿಗೆ ಅತಿ ಅಗ್ಗ: ಗುದ್ದಿದವರೇ ರಿಪೇರಿಯ ಹಣ ಕೊಡುವುದು. ಇಡೀ ಬಿಲ್ ಕೊಟ್ಟರೆ ನಿಮ್ಮ ಬೋನಸ್ ಉಳಿಯುತ್ತದೆ, ವ್ಯವಹಾರವೂ ಮುಗಿಯುತ್ತದೆ. ಹಾನಿ ದೊಡ್ಡದಿದ್ದು ನೀವು ಸ್ವಂತ ಪಾಲಿಸಿ ಬಳಸುವುದಾದರೆ, ಕಂಪನಿ ಕಳೆದ ಸವಕಳಿ, ಕಡ್ಡಾಯ ಪಾಲು ಮತ್ತು ಮೊದಲ ವರ್ಷದ ಬೋನಸ್ ನಷ್ಟವನ್ನಾದರೂ ಭರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಲೆಕ್ಕದಲ್ಲಿ ಅದು ಎಂಟು ಸಾವಿರದ ಆಸುಪಾಸು. ಒಂದೇ ಹಾನಿಗೆ ಕಂಪನಿಯಿಂದಲೂ ಪೂರ್ತಿ, ನೆರೆಯವರಿಂದಲೂ ಪೂರ್ತಿ ಪಡೆಯುವಂತಿಲ್ಲ. ವಿಮೆ ಇರುವುದು ನಷ್ಟ ತುಂಬಿಕೊಡಲು ಮಾತ್ರ.

ಮಾತು ಬಾಯಲ್ಲೇ ಉಳಿಯದಿರಲಿ, ಅಂದೇ ವಾಟ್ಸಾಪಿನಲ್ಲಿ ಬರೆದುಕೊಳ್ಳಿ. ಏನು ಬರೆಸಬೇಕೆಂಬುದರಲ್ಲಿ ಮಾತ್ರ ಸ್ವಲ್ಪ ಜಾಣತನ ಬೇಕು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆಂದು ಮಾತು ಕೊಡಬಾರದು ಎಂಬ ಷರತ್ತು ಪಾಲಿಸಿಗಳಲ್ಲಿ ಇರುತ್ತದೆ. ಎದುರಿನವರು "ತಪ್ಪೆಲ್ಲ ನನ್ನದೇ, ಪೂರ್ತಿ ಕೊಡುತ್ತೇನೆ" ಎಂದು ಸಹಿ ಮಾಡಿಕೊಟ್ಟು, ಮುಂದೆ ವಿಷಯ ನ್ಯಾಯಮಂಡಳಿಗೆ ಹೋದರೆ, ಅವರ ಕಂಪನಿ ಇದನ್ನೇ ನೆಪ ಮಾಡಬಹುದು. ಹಣ ಕೈಗೆ ಬರುವಂತಿದ್ದರೆ ತೊಂದರೆಯಿಲ್ಲ. ವಿಮೆಯ ದಾರಿ ಹಿಡಿಯುವ ಸಾಧ್ಯತೆ ಇದ್ದರೆ ಘಟನೆಯನ್ನಷ್ಟೇ ಬರೆಸಿಕೊಳ್ಳಿ: ಇಂಥ ದಿನ, ಇಂಥ ಹೊತ್ತಿಗೆ, ಈ ನಂಬರಿನ ಗಾಡಿ ಹಿಂದೆ ಬರುವಾಗ ನಿಂತಿದ್ದ ಆ ನಂಬರಿನ ಕಾರಿಗೆ ತಗುಲಿತು. ಅವರ ಕಾರಿನ ವಿಮೆ ಚಾಲ್ತಿಯಲ್ಲಿದೆಯೇ ಎಂದು ಎಂಪರಿವಾಹನ್ ಆ್ಯಪಿನಲ್ಲಿ ನೋಡಬಹುದು.

ಒಂದು ಅಡ್ಡದಾರಿಯ ಬಗ್ಗೆ ಎಚ್ಚರ. "ಯಾವ ಗಾಡಿ ಅಂತ ಗೊತ್ತಿಲ್ಲ ಅಂತ ಬರೀರಿ ಸಾರ್, ತಲೆನೋವೇ ಇರಲ್ಲ" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಗುದ್ದಿದವರು ಯಾರೆಂದು ಗೊತ್ತಿದ್ದೂ ಫಾರ್ಮಿನಲ್ಲಿ ಹಾಗೆ ಬರೆಯುವುದು ಸುಳ್ಳು ಹೇಳಿಕೆ, ಕ್ಲೇಮ್ ತಿರಸ್ಕರಿಸಲು ಕಂಪನಿಗೆ ನೀವೇ ಕೊಟ್ಟ ಕಾರಣ. ಅದರಿಂದ ಲಾಭವೂ ಇಲ್ಲ, ಏಕೆಂದರೆ ನಿಜ ಬರೆದರೂ ಬೋನಸ್ ಅಷ್ಟೇ ಹೋಗುವುದು.

ಈ ಮೂರರಲ್ಲಿ ಯಾವ ದಾರಿ ಹಿಡಿದರೂ ಸಿಸಿಟಿವಿ ದೃಶ್ಯ ಬೇಕಾಗುತ್ತದೆ. ಅಪಾರ್ಟ್‌ಮೆಂಟಿನ ರೆಕಾರ್ಡರುಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಅಚ್ಚಾಗುತ್ತಾ ಹೋಗುತ್ತದೆ. ಆದ್ದರಿಂದ ಕಾರನ್ನು ಗ್ಯಾರೇಜಿಗೆ ಒಯ್ಯುವ ಮುಂಚೆ, ಆ ಹೊತ್ತಿನ ತುಣುಕನ್ನು ಬೇರೆಯಾಗಿ ಉಳಿಸಿಡುವಂತೆ ಸಂಘದ ಕಚೇರಿಗೆ ಅದೇ ದಿನ ಬರವಣಿಗೆಯಲ್ಲಿ ಕೇಳಿ.