ಹೆಸರಿನ ಪೆಟ್ಟಿಗೆ ಒಂದೇ ಸಲ, ಒಳಗಿನ ಖರ್ಜೂರ ಪ್ರತಿ ಪೆರ್ನಾಲಿಗೆ

ಹೆಸರು ಅಚ್ಚು ಹಾಕಿದ ಕಾಫಿ ಮಗ್, ಫೋಟೋ ಇರುವ ಕುಶನ್, ಹೆಸರಿನ ಕೀಚೈನ್. ನಮ್ಮ ಕಡೆ ಮನೆಯಿಂದಲೇ ಗಿಫ್ಟ್ ವ್ಯಾಪಾರ ಶುರು ಮಾಡುವ ಹೆಚ್ಚಿನ ಹೆಣ್ಮಕ್ಕಳು ಮೊದಲು ಕೈಹಾಕುವುದು ಇವುಗಳಿಗೇ. ಮೊದಲ ಪೆರ್ನಾಲಿಗೆ ಆರ್ಡರ್ ಚೆನ್ನಾಗಿಯೇ ಬರುತ್ತದೆ. ಮುಂದಿನ ವರ್ಷ ಅದೇ ಗಿರಾಕಿ ಫೋನ್ ಮಾಡುವುದಿಲ್ಲ. ಕಾರಣ ಸರಳ: ಮಗ್ ಒಡೆದಿಲ್ಲ, ಕುಶನ್ ಹರಿದಿಲ್ಲ. ಒಂದೇ ಮನೆಗೆ ಅದೇ ಹೆಸರಿನ ಎರಡನೇ ಮಗ್ ಯಾಕೆ ಬೇಕು?

ಗಿರಾಕಿ ಮತ್ತೆ ಬರಬೇಕಾದರೆ ಉಡುಗೊರೆಯಲ್ಲಿ ಎರಡು ಭಾಗ ಇರಬೇಕು. ಒಂದು ಉಳಿಯುವಂಥದ್ದು, ಅದರ ಮೇಲೆ ಹೆಸರು. ಇನ್ನೊಂದು ತಿಂದು ಮುಗಿಯುವಂಥದ್ದು, ಅದನ್ನು ಮತ್ತೆ ತುಂಬಿಸಿಕೊಡಬಹುದು. ಬ್ಯಾರಿ ಮನೆಗಳಿಗೆ ಹೇಳಿ ಮಾಡಿಸಿದಂತೆ ಹೊಂದುವುದು ಬೀಜ ತೆಗೆದು, ಬಾದಾಮಿ ಅಥವಾ ಪಿಸ್ತಾ ತುಂಬಿಸಿದ ಖರ್ಜೂರದ ಪೆಟ್ಟಿಗೆ. ರಂಝಾನ್‌ಗೆ, ಎರಡು ಪೆರ್ನಾಲಿಗೆ, ಹಜ್‌ನಿಂದ ಬಂದವರನ್ನು ನೋಡಲು ಹೋಗುವಾಗ, ಬಾಣಂತಿ ಮನೆಗೆ, ಎಲ್ಲ ಕಡೆ ನಡೆಯುತ್ತದೆ.

"ಖರ್ಜೂರ ಗಲ್ಫ್‌ನಿಂದಲೇ ಬರ್ತದಲ್ಲ, ಯಾರು ತಗೊಳ್ತಾರೆ?" ಎಂದು ಕೇಳಬಹುದು. ಹೌದು, ಸೌದಿಯಿಂದ, ದುಬೈಯಿಂದ ಬಂದವರ ಪೆಟ್ಟಿಯಲ್ಲಿ ಖರ್ಜೂರ ಇದ್ದೇ ಇರುತ್ತದೆ. ಹಾಗಾಗಿ ಬರಿಯ ಖರ್ಜೂರವನ್ನು ಮಾರಲು ಹೋಗಬೇಡಿ. ಬೀಜ ಬಿಡಿಸಿ, ಹುಳ ನೋಡಿ, ತುಂಬಿಸಿ, ಅಂದವಾಗಿ ಜೋಡಿಸಿ ಕೊಡುವ ಕೆಲಸಕ್ಕೆ ಜನ ದುಡ್ಡು ಕೊಡುತ್ತಾರೆ. ನೋಂಬಿನ ದಿನಗಳಲ್ಲಿ ಮನೆಯಲ್ಲಿ ಅದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಪೆಟ್ಟಿಗೆಗಿಂತ ಟ್ರೇ ಮುಖ್ಯ

ಇದರ ಗುಟ್ಟು ಇರುವುದು ಒಳಗಿನ ಟ್ರೇಯಲ್ಲಿ. ಹೊರಗಿನ ಪೆಟ್ಟಿಗೆ ಮರದ್ದೋ ತಗಡಿನದ್ದೋ ಇರಲಿ, ಮುಚ್ಚಳದ ಮೇಲೆ ಮನೆಯವರ ಹೆಸರು. ಒಳಗೆ 12 ಖರ್ಜೂರ ಹಿಡಿಯುವ, ಸರಿಯಾಗಿ ಕೂರುವ ದಪ್ಪ ಕಾಗದದ ಟ್ರೇ. ಪ್ರತಿ ಖರ್ಜೂರ ಒಂದೊಂದು ಕಾಗದದ ಕಪ್‌ನಲ್ಲಿ. ಟ್ರೇಯ ಅಳತೆ ಒಮ್ಮೆ ನಿಗದಿ ಮಾಡಿದ ಮೇಲೆ ಬದಲಿಸಲೇಬಾರದು. ಮುಂದಿನ ವರ್ಷ ಪೆಟ್ಟಿಗೆ ಮಾಡುವವನು ಅರ್ಧ ಇಂಚು ಸಣ್ಣ ಮಾಡಿದನೆಂದರೆ, ಹೊಸ ಟ್ರೇ ಹಳೆ ಗಿರಾಕಿಗಳ ಪೆಟ್ಟಿಗೆಯಲ್ಲಿ ಜಾರಾಡುತ್ತದೆ, ಹಳೆ ಟ್ರೇ ಹೊಸ ಪೆಟ್ಟಿಗೆಯೊಳಗೆ ಹೋಗುವುದಿಲ್ಲ.

ಎರಡನೇ ಸಲ ಗಿರಾಕಿ ಕೇಳುವುದು ಹೀಗೆ: "ಡಬ್ಬಿ ಮನೇಲಿ ಉಂಟು, ಒಳಗಿನದ್ದು ಮಾತ್ರ ಕೊಡ್ತೀಯಾ ಮಗಳೇ?" ಆಗ ಅವರ ಪೆಟ್ಟಿಗೆಯನ್ನು ನಿಮ್ಮ ಮನೆಗೆ ತರಿಸಿಕೊಳ್ಳಬೇಡಿ. ಅದರಲ್ಲಿ ನಡುವೆ ಏನು ಇಟ್ಟಿದ್ದರೋ, ಇರುವೆ ಹತ್ತಿತ್ತೋ ನಿಮಗೆ ಗೊತ್ತಾಗುವುದಿಲ್ಲ. ತುಂಬಿಸಿದ ಟ್ರೇಯನ್ನು ಪ್ಯಾಕ್ ಮಾಡಿ ಕೊಡಿ, ಅವರೇ ಪೆಟ್ಟಿಗೆ ಒರೆಸಿ ಒಳಗಿಟ್ಟುಕೊಳ್ಳುತ್ತಾರೆ.

ಹೊಸ ಮರದ ಪೆಟ್ಟಿಗೆಗೆ ಒಂದು ಪರೀಕ್ಷೆ ಇದೆ. ಪಾಲಿಶ್ ವಾಸನೆ ಖರ್ಜೂರಕ್ಕೆ ಬೇಗ ಹತ್ತುತ್ತದೆ. ಒಂದು ಖರ್ಜೂರವನ್ನು ಒಳಗಿಟ್ಟು ರಾತ್ರಿಯಿಡೀ ಮುಚ್ಚಿಡಿ, ಬೆಳಿಗ್ಗೆ ತಿಂದು ನೋಡಿ. ಪಾಲಿಶ್ ಪರಿಮಳ ಬಂದರೆ ಪೆಟ್ಟಿಗೆ ಇನ್ನೂ ಕೆಲವು ದಿನ ತೆರೆದಿಟ್ಟು ಗಾಳಿಯಾಡಬೇಕು. ಇದೇ ಕಾರಣಕ್ಕೆ ಅತ್ತರ್ ಬಾಟಲಿಯನ್ನೂ ಖರ್ಜೂರವನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಬಾರದು. ನೋಡಲು ಚಂದ, ಆದರೆ ಎರಡು ದಿನದಲ್ಲಿ ಖರ್ಜೂರ ಊದ್ ತಿಂದ ಹಾಗೆ ಆಗುತ್ತದೆ.

ಖರ್ಜೂರ ಆರಿಸುವುದು, ತುಂಬಿಸುವುದು

ತುಂಬಿಸಲು ಮೆಡ್ಜೂಲ್ ಒಳ್ಳೆಯದು. ದೊಡ್ಡದು, ತಿರುಳು ಹೆಚ್ಚು, ಸೀಳಿದರೂ ಆಕಾರ ಉಳಿಯುತ್ತದೆ. ಕಿಮಿಯಾ ಬಾಯಿಗೆ ರುಚಿ, ಆದರೆ ನೀರಿನಂಶ ಜಾಸ್ತಿ. ಫ್ರಿಡ್ಜ್‌ನಿಂದ ಹೊರಗಿಟ್ಟರೆ ನಮ್ಮ ಕರಾವಳಿಯ ಸೆಕೆಗೆ ಬೇಗ ಹುಳಿಯಾಗುತ್ತದೆ, ಗಿಫ್ಟ್ ಪೆಟ್ಟಿಗೆಗೆ ಬೇಡ. ಅಜ್ವಾ ಸಣ್ಣದು, ಅದನ್ನು ಸೀಳದೆ ಹಾಗೆಯೇ ಕೊಡುವುದು ಚೆಂದ.

ಪ್ರತಿ ಖರ್ಜೂರವನ್ನೂ ಉದ್ದಕ್ಕೆ ಸೀಳಿ ಬೆಳಕಿನಲ್ಲಿ ಒಳಗೆ ನೋಡಿ. ಕಪ್ಪು ಪುಡಿ, ಬಲೆಯಂಥ ಎಳೆ ಕಂಡರೆ ಹುಳ ಇದ್ದದ್ದು ಖಚಿತ, ಬಿಸಾಡಿ. ಮೇಲೆ ಬಿಳಿ ಕಂಡಾಕ್ಷಣ ಬೂಸಲು ಎಂದು ಹೆದರಬೇಕಿಲ್ಲ. ಸಕ್ಕರೆ ಹರಳುಗಟ್ಟಿದ್ದಾದರೆ ಗಟ್ಟಿ ಕಣವಾಗಿ ಕೈಗೆ ತಾಗುತ್ತದೆ, ಸ್ವಲ್ಪ ಬಿಸಿ ಮಾಡಿದರೆ ಕರಗುತ್ತದೆ. ಬೂಸಲಾದರೆ ಹತ್ತಿಯ ಹಾಗೆ ಮೆತ್ತಗಿರುತ್ತದೆ, ಹಳಸಿದ ವಾಸನೆ ಬರುತ್ತದೆ. ಗಿರಾಕಿಗೂ ಈ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಬರೆದು ಕೊಟ್ಟರೆ ಸುಮ್ಮನೆ ದೂರು ಬರುವುದು ತಪ್ಪುತ್ತದೆ.

ಶಅಬಾನ್‌ನಲ್ಲೇ ಸಗಟು ತಂದಿಡುವುದಾದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಝರ್‌ನಲ್ಲಿಡಿ. ಹೊರತೆಗೆದಾಗ ಚೀಲ ಕಟ್ಟಿದ ಹಾಗೆಯೇ ಬಿಡಿ, ತಣ್ಪು ಪೂರ್ತಿ ಬಿಟ್ಟ ಮೇಲೆ ಬಿಚ್ಚಿ. ಮೊದಲೇ ಬಿಚ್ಚಿದರೆ ಗಾಳಿಯ ತೇವ ಖರ್ಜೂರದ ಮೇಲೆ ನೀರಾಗಿ ಕೂರುತ್ತದೆ, ಬೂಸಲಿಗೆ ಅದೇ ದಾರಿ.

ಬಾದಾಮಿಯನ್ನು ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿಸಿ. ಬಿಸಿ ಇರುವಾಗ ತುಂಬಿಸಿದರೆ ಒಳಗೆ ಬೆವರುತ್ತದೆ. ಇನ್ನೊಂದು ಮಾತು: ಹುರಿದ ಬಾದಾಮಿ ಖರ್ಜೂರದ ತೇವ ಎಳೆದು ಕೆಲವೇ ದಿನದಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಕೊಡುವ ಹಿಂದಿನ ದಿನ ಮಾತ್ರ ತುಂಬಿಸಿ, ಒಂದು ವಾರದೊಳಗೆ ತಿನ್ನಲು ಹೇಳಿ. ಚಾಕಲೇಟ್ ಲೇಪನ ಬೇಕೆಂದು ಕೇಳುವವರು ಇದ್ದಾರೆ. ಬಕ್ರೀದ್ ಈಗ ಮೇ ತಿಂಗಳಲ್ಲಿ ಬರುತ್ತಿದೆ, ಆ ಸೆಕೆಗೆ ಡೆಲಿವರಿ ದಾರಿಯಲ್ಲೇ ಕರಗುತ್ತದೆ. ಅಂಥ ಆರ್ಡರ್ ಬೇಡವೆನ್ನುವುದೇ ಲಾಭ.

ಲೆಕ್ಕ ಹೀಗೆ

ದರ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಉದಾಹರಣೆಗೆ ಮೆಡ್ಜೂಲ್ ಕೆಜಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಸುಮಾರು 20 ಗ್ರಾಂ ತೂಗಿದರೆ 12ಕ್ಕೆ 240 ರೂಪಾಯಿ. ಬಾದಾಮಿ-ಪಿಸ್ತಾ 20, ಹುಳ ಬಿದ್ದು ಬಿಸಾಡಿದ್ದಕ್ಕೆ 12, ಟ್ರೇ ಮತ್ತು ಕಪ್ 25, ನಿಮ್ಮ ಕೆಲಸದ ಕೂಲಿ 40. ಒಟ್ಟು 337. ಇದು ಮರುತುಂಬಿಸುವ ಟ್ರೇಯ ಅಸಲು. ಮೊದಲ ಸಲ ಇದಕ್ಕೆ ಹೆಸರಿನ ಪೆಟ್ಟಿಗೆಯ 160 ಮತ್ತು ಕೈಚೀಲದ 15 ಸೇರಿ 512 ಆಗುತ್ತದೆ.

ಮೊದಲ ಪೆಟ್ಟಿಗೆಯನ್ನು 650ಕ್ಕೆ ಕೊಟ್ಟರೆ 138 ಉಳಿಯಿತು. ಟ್ರೇಯನ್ನು 425ಕ್ಕೆ ಕೊಟ್ಟರೆ 88 ಉಳಿಯಿತು. ಗಿರಾಕಿಗೆ 225 ರೂಪಾಯಿ ಉಳಿತಾಯ, ಅದಕ್ಕೇ ಅವರು ಮತ್ತೆ ಬರುವುದು. 40 ಮನೆಗೆ ಪೆಟ್ಟಿಗೆ ಹೋಗಿ, ಅದರಲ್ಲಿ 20 ಮನೆಯವರು ವರ್ಷದಲ್ಲಿ ಎರಡು ಸಲ ಟ್ರೇ ತೆಗೆದುಕೊಂಡರೆ ಪೆಟ್ಟಿಗೆಯಿಂದ 5,520, ಟ್ರೇಯಿಂದ 3,520 ರೂಪಾಯಿ. ಎರಡನೇ ವರ್ಷ ಪೆಟ್ಟಿಗೆಯ ಬಂಡವಾಳ ಇಲ್ಲದೆಯೇ ಟ್ರೇಯ ಆರ್ಡರ್ ಮುಂದುವರಿಯುತ್ತದೆ. ಕೂಲಿಯನ್ನು ಅಸಲಿನಲ್ಲೇ ಸೇರಿಸಿರುವುದನ್ನು ಗಮನಿಸಿ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ರಾತ್ರಿ ನಿದ್ದೆಗೆಟ್ಟದ್ದು ಮಾತ್ರ ಉಳಿದೀತು.

ಹೆಸರಿನಲ್ಲಿ ಎಡವುವುದು

ಒಂದೇ ಹೆಸರನ್ನು ಇಬ್ರಾಹಿಂ, ಇಬ್ರಾಹೀಂ ಎಂದು ಎರಡು ಥರ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಫಾತಿಮಾಗೆ ಇನ್ನೂ ಹೆಚ್ಚು ಥರ. ಫೋನ್‌ನಲ್ಲಿ ಕೇಳಿ ಬರೆದುಕೊಳ್ಳಬೇಡಿ. ಗಿರಾಕಿಯೇ ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಲಿ, ನೀವು ಡಿಸೈನ್ ಕಳಿಸಿ, ಅವರು "ಸರಿ ಉಂಟು" ಎಂದ ಮೇಲೆ ಅಚ್ಚಿಗೆ ಕೊಡಿ.

ಅರಬಿ ಲಿಪಿಯಲ್ಲಿ ಇನ್ನೂ ಜಾಗ್ರತೆ ಬೇಕು. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಅರಬಿ ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ಬರುತ್ತವೆ. ಅಚ್ಚು ಹಾಕುವವನಿಗೆ ಅರಬಿ ಗೊತ್ತಿರುವುದಿಲ್ಲ. ಮದ್ರಸದ ಉಸ್ತಾದರಿಗೋ, ಅರಬಿ ಓದಲು ಬರುವ ಮನೆಯವರಿಗೋ ಒಮ್ಮೆ ತೋರಿಸಿ. ಆಯತ್, ಅಲ್ಲಾಹನ ಹೆಸರನ್ನು ಟ್ರೇಯ ಮೇಲೆ, ಕೈಚೀಲದ ಮೇಲೆ ಅಚ್ಚು ಹಾಕಿಸಬೇಡಿ. ತಿಂದ ಮೇಲೆ ಅದು ಕಸದ ಬುಟ್ಟಿಗೆ ಹೋಗುವುದು. ಹಾಗೆ ಬಂದ ಪೊಟ್ಟಣವನ್ನು ಏನು ಮಾಡುವುದೆಂದು ತಿಳಿಯದೆ ಮುಜುಗರಪಟ್ಟ ಮನೆಯವರು ಎರಡನೇ ಸಲ ಆರ್ಡರ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಮನೆತನದ ಹೆಸರು ಮಾತ್ರ ಸಾಕು, ಅದೂ ಉಳಿಯುವ ಪೆಟ್ಟಿಗೆಯ ಮೇಲೆ.

ಮದುವೆಗೆ ಎರಡೆರಡು ಖರ್ಜೂರದ ಸಣ್ಣ ಪೊಟ್ಟಣ 300 ಬೇಕೆಂದು ಕೇಳಿದರೆ, ಹೆಸರು ಮತ್ತು ತಾರೀಕನ್ನು ಪೊಟ್ಟಣದ ಮೇಲೆ ಹಾಕದೆ ಬೇರೆ ಚೀಟಿಯಲ್ಲಿ ಹಾಕಿಸಿ ರಿಬ್ಬನ್‌ಗೆ ಕಟ್ಟಿ. ತಾರೀಕು ಮುಂದೆ ಹೋದರೆ ನಷ್ಟ ಚೀಟಿಯದ್ದು ಮಾತ್ರ. ಅರ್ಧ ಹಣ ಮುಂಗಡ ಪಡೆಯದೆ ಹೆಸರಿನ ಯಾವುದಕ್ಕೂ ಕೈಹಾಕಬೇಡಿ, ನೆಂಟರದ್ದಾದರೂ ಸರಿ.

ಹಿಜ್ರಿ ತಿಂಗಳಿನ ಪುಸ್ತಕ

ಗಿರಾಕಿಗಳ ಪುಸ್ತಕ ಒಂದು ಇಡಿ: ಹೆಸರು, ಪೆಟ್ಟಿಗೆಯ ಮೇಲೆ ಬರೆದ ಸ್ಪೆಲ್ಲಿಂಗ್, ಯಾವ ಖರ್ಜೂರ, ಯಾವ ಸಂದರ್ಭ, ಮನೆಯಲ್ಲಿ ಬೀಜ-ಕಾಯಿಗಳ ಅಲರ್ಜಿ ಯಾರಿಗಾದರೂ ಉಂಟೇ. ಸಂದರ್ಭವನ್ನು ಹಿಜ್ರಿ ತಿಂಗಳಲ್ಲಿ ಬರೆಯಿರಿ. ನಮ್ಮ ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತವೆ, 2030ರಲ್ಲಂತೂ ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಯಲ್ಲಿ ಇನ್ನೊಂದು ರಂಝಾನ್ ಶುರುವಾಗುತ್ತದೆ. ಕಳೆದ ವರ್ಷದ ಇಂಗ್ಲಿಷ್ ತಾರೀಕು ನೋಡಿ ಮೆಸೇಜ್ ಕಳಿಸಿದರೆ, ಅಷ್ಟರಲ್ಲಿ ಅವರು ಬೇರೆ ಕಡೆ ಆರ್ಡರ್ ಕೊಟ್ಟಾಗಿರುತ್ತದೆ.

ಶಅಬಾನ್ ಮಧ್ಯದಲ್ಲಿ ಒಂದು ಮೆಸೇಜ್, ಪೆರ್ನಾಲಿಗೆ ಹತ್ತು ದಿನ ಇರುವಾಗ ಇನ್ನೊಂದು. ಅಷ್ಟೇ ಸಾಕು, ದಿನಾ ಕಳಿಸಿದರೆ ಜನ ನಂಬರ್ ಬ್ಲಾಕ್ ಮಾಡುತ್ತಾರೆ. ಚಂದ್ರದರ್ಶನ ಒಂದು ದಿನ ಆಚೀಚೆ ಆಗಬಹುದಾದ್ದರಿಂದ ಡೆಲಿವರಿಯನ್ನು 28ನೇ ನೋಂಬಿಗೆ ಮುಗಿಸಿ. ಗಲ್ಫ್‌ನಲ್ಲಿರುವ ಮಗ ಊರಿನ ಉಮ್ಮನಿಗೆ ಕಳಿಸಲು ಹೇಳಿದ್ದರೆ, ಅಲ್ಲಿ ಪೆರ್ನಾಲ್ ಒಂದು ದಿನ ಮೊದಲೇ ಆಗುವುದುಂಟು. ಯಾವ ದಿನ ತಲುಪಬೇಕೆಂದು ಅವರಲ್ಲೇ ಕೇಳಿ ಬರೆದುಕೊಳ್ಳಿ, ಕೊಟ್ಟ ಮೇಲೆ ಫೋಟೋ ಕಳಿಸಿ. ಮುಂದಿನ ಆರ್ಡರ್ ಹೆಚ್ಚಾಗಿ ಆ ಫೋಟೋದಿಂದಲೇ ಬರುತ್ತದೆ.

ಕೊನೆಗೆ ಒಂದು ಕಾಗದದ ಕೆಲಸ. ತಿನ್ನುವ ವಸ್ತುವನ್ನು ಮನೆಯಿಂದ ಮಾರುವುದಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಿಕ್ಕಿದ 14 ಅಂಕಿಯ ನಂಬರ್, ಒಳಗೆ ಏನೇನಿದೆ, ತೂಕ, ಪ್ಯಾಕ್ ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಇವನ್ನು ಟ್ರೇಯ ಅಡಿಯಲ್ಲಿ ಅಂಟಿಸಿ. ಪೆಟ್ಟಿಗೆಯ ಮೇಲೆ ಅಂಟಿಸಿದರೆ ಮುಂದಿನ ಪೆರ್ನಾಲಿನ ಖರ್ಜೂರಕ್ಕೂ ಹಳೆ ತಾರೀಕೇ ಉಳಿದುಬಿಡುತ್ತದೆ.