ಬಾರದ ಬಿಲ್ಲುಗಳ ಬಾಕಿ

ದಾವಣಗೆರೆಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ವೈರು, ಸ್ವಿಚ್ಚುಗಳನ್ನು ಅದು ಬೆಂಗಳೂರಿನ ಒಬ್ಬ ವಿತರಕರಿಂದ ಉದ್ರಿಯಲ್ಲಿ ತರಿಸುತ್ತದೆ. ಅಕ್ಟೋಬರ್ ಮಧ್ಯದಲ್ಲಿ ವಿತರಕರ ಕಚೇರಿಯಿಂದ ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಟೇಟ್‌ಮೆಂಟ್ ಬರುತ್ತದೆ. ಸೆಪ್ಟೆಂಬರ್ 30ಕ್ಕೆ ನಿಮ್ಮ ಬಾಕಿ ₹8,07,700, ಸಹಿ ಮತ್ತು ಸೀಲು ಹಾಕಿ ಕಳಿಸಿ ಎಂಬ ಒಕ್ಕಣೆ. ಅಂಗಡಿಯವರು ಟ್ಯಾಲಿ ತೆರೆದು ಅದೇ ವಿತರಕರ ಲೆಡ್ಜರ್ ನೋಡಿದರೆ ಅಲ್ಲಿರುವುದು ₹5,12,700. ವ್ಯತ್ಯಾಸ ಬರೋಬ್ಬರಿ ₹2,95,000!

ಸಾಲುಸಾಲಾಗಿ ಹುಡುಕಿದಾಗ ಸ್ಟೇಟ್‌ಮೆಂಟಿನಲ್ಲಿರುವ ಮೂರು ಬಿಲ್ಲುಗಳು ಅಂಗಡಿಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಆಗಸ್ಟ್ 9ರ 1187ನೇ ಬಿಲ್ಲು ₹94,400. ಆಗಸ್ಟ್ 28ರ 1243ನೇ ಬಿಲ್ಲು ₹1,18,000. ಸೆಪ್ಟೆಂಬರ್ 29ರ 1302ನೇ ಬಿಲ್ಲು ₹70,800. ಮೂರೂ ಸೇರಿ ₹2,83,200. ಆಮೇಲೂ ₹11,800 ಎಲ್ಲಿ ಹೋಯಿತೆಂಬುದು ಉಳಿಯುತ್ತದೆ.

ಇಲ್ಲಿ ಎರಡು ದಾರಿಗಳು ಸುಲಭವಾಗಿ ಕಾಣುತ್ತವೆ, ಎರಡೂ ತಪ್ಪು. ‘ದೊಡ್ಡ ಪಾರ್ಟಿ, ಕಂಪ್ಯೂಟರ್ ಲೆಕ್ಕ, ಸರಿಯಾಗೇ ಇರುತ್ತೆ’ ಎಂದು ಸ್ಟೇಟ್‌ಮೆಂಟ್ ನೋಡಿಕೊಂಡೇ ಮೂರು ಬಿಲ್ಲುಗಳನ್ನು ಟ್ಯಾಲಿಗೆ ಏರಿಸಿಬಿಡುವುದು ಒಂದು. ‘ನಮಗೆ ಬಿಲ್ಲು ಬಂದಿಲ್ಲ, ಕೊಡಲ್ಲ’ ಎಂದು ಫೋನಿನಲ್ಲೇ ಮುಗಿಸುವುದು ಇನ್ನೊಂದು. ಸ್ಟೇಟ್‌ಮೆಂಟ್ ಎಂಬುದು ಪೂರೈಕೆದಾರರ ಪುಸ್ತಕದ ಪ್ರತಿ ಮಾತ್ರ. ಅವರು ಬಿಲ್ಲು ಹರಿದಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ. ಸರಕು ಅಂಗಡಿಗೆ ಬಂದಿದೆ ಎಂಬುದಕ್ಕೆ ಅಲ್ಲ. ಹಾಗೆಯೇ ಅಂಗಡಿಯ ಪುಸ್ತಕದಲ್ಲಿ ಬಿಲ್ಲು ಇಲ್ಲ ಎಂದರೆ ಸರಕು ಬಂದಿಲ್ಲ ಎಂದೇನೂ ಅಲ್ಲ. ಕಾಗದ ಕಳೆದಿರಬಹುದು, ಸರಕು ಗೋದಾಮಿನಲ್ಲೇ ಕೂತಿರಬಹುದು. ಆದ್ದರಿಂದ ಪ್ರತಿ ಬಿಲ್ಲಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಸರಕು ಎಲ್ಲಿಗೆ ಹೋಯಿತು, ಯಾರು ಇಳಿಸಿಕೊಂಡರು?

ಅದಕ್ಕೂ ಮೊದಲು ಬಿಲ್ಲು ನಿಜವಾಗಿಯೂ ಪುಸ್ತಕದಲ್ಲಿ ಇಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು. ಬಿಲ್ಲಿನ ನಂಬರ್ ಹಾಕಿ ಹುಡುಕಿದರೆ ಸಿಗದ ಬಿಲ್ಲು, ಮೊತ್ತ ಹಾಕಿ ಹುಡುಕಿದರೆ ಎಷ್ಟೋ ಸಲ ಸಿಕ್ಕಿಬಿಡುತ್ತದೆ. ಬಿಲ್ಲಿನ ನಂಬರಿನ ಬದಲು ಡೆಲಿವರಿ ಚಲನ್ನಿನ ನಂಬರ್ ಬರೆದಿರುತ್ತಾರೆ, ಅಥವಾ ಹೆಸರು ಹತ್ತಿರವಿರುವ ಬೇರೆ ಪಾರ್ಟಿಯ ಲೆಡ್ಜರ್‌ಗೆ ಹಾಕಿರುತ್ತಾರೆ. ಎರಡೂ ಕಡೆಯ ಆರಂಭದ ಬಾಕಿ ಒಂದೇ ಇದೆಯೇ ಎಂದೂ ನೋಡಬೇಕು. ಆರಂಭವೇ ಬೇರೆಯಾಗಿದ್ದರೆ ವ್ಯತ್ಯಾಸ ಹಿಂದಿನ ಅವಧಿಯದು. ಈ ಬಿಲ್ಲುಗಳನ್ನು ಎಷ್ಟು ಜಾಲಾಡಿದರೂ ಲೆಕ್ಕ ಕೂಡುವುದಿಲ್ಲ. ನಮ್ಮ ದಾವಣಗೆರೆಯ ಅಂಗಡಿಯಲ್ಲಿ ಆರಂಭದ ಬಾಕಿ ತಾಳೆಯಾಗಿದೆ, ಮೂರು ಬಿಲ್ಲುಗಳು ಯಾವ ಲೆಡ್ಜರ್‌ನಲ್ಲೂ ಇಲ್ಲ.

ಇನ್ನು ವಿತರಕರಿಗೆ ಬರೆಯಬೇಕು. ‘ಬಿಲ್ ಕಾಪಿ ಕಳಿಸಿ’ ಎಂದಷ್ಟೇ ಕೇಳಿದರೆ ಎರಡು ನಿಮಿಷದಲ್ಲಿ ಪಿಡಿಎಫ್ ಬರುತ್ತದೆ. ಆದರೆ ಅದು ಅದೇ ಕಂಪ್ಯೂಟರಿನಿಂದ ಮತ್ತೆ ತೆಗೆದ ಪ್ರಿಂಟು, ಸ್ಟೇಟ್‌ಮೆಂಟಿಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಕೇಳಬೇಕಾದದ್ದು ಸರಕು ಸಾಗಿದ ದಾಖಲೆಗಳನ್ನು: ಟ್ರಾನ್ಸ್‌ಪೋರ್ಟ್‌ನ ಎಲ್‌ಆರ್ ರಸೀದಿ, ಇ-ವೇ ಬಿಲ್ ನಂಬರ್, ಸರಕು ಇಳಿಸಿಕೊಂಡವರ ಸಹಿ ಇರುವ ಪ್ರತಿ. ₹50,000 ಮೀರಿದ ಸರಕು ಲಾರಿಯಲ್ಲಿ ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕೇ ಬೇಕು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ನಮ್ಮ ಮೂರೂ ಬಿಲ್ಲುಗಳು ಆ ಮಿತಿಯನ್ನು ದಾಟಿವೆ. ಯಾವ ವಾಹನ, ಎಲ್ಲಿಂದ ಎಲ್ಲಿಗೆ, ಯಾರ ಜಿಎಸ್‌ಟಿ ನಂಬರಿಗೆ ಎಂಬುದು ಅಲ್ಲಿ ದಾಖಲಾಗಿರುತ್ತದೆ.

ಇತ್ತ ಅಂಗಡಿಯವರ ಕೈಯಲ್ಲೂ ಒಂದು ಸಾಧನವಿದೆ, ಜಿಎಸ್‌ಟಿಆರ್-2ಬಿ. ಪೂರೈಕೆದಾರರು ತಮ್ಮ ಮಾರಾಟದ ರಿಟರ್ನ್‌ನಲ್ಲಿ ಈ ಅಂಗಡಿಯ ಹೆಸರಿಗೆ ತೋರಿಸಿದ ಬಿಲ್ಲುಗಳ ಪಟ್ಟಿ ಅದು. ಹಿಂದಿನ ತಿಂಗಳಿನದು ಪ್ರತಿ ತಿಂಗಳ 14ರಂದು ಪೋರ್ಟಲ್‌ನಲ್ಲಿ ಸಿದ್ಧವಾಗುತ್ತದೆ. ಬಿಲ್ಲು ಇದರಲ್ಲಿದ್ದರೆ ವಿತರಕರು ಅದನ್ನು ಸರ್ಕಾರಕ್ಕೂ ತೋರಿಸಿದ್ದಾರೆ ಎಂದರ್ಥ. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಣ್ಣ ಪೂರೈಕೆದಾರರ ಬಿಲ್ಲು ತಡವಾಗಿ ಕಾಣಬಹುದು. ಹಾಗಾಗಿ 2ಬಿಯಲ್ಲಿ ಇಲ್ಲದ್ದೆಲ್ಲ ಸುಳ್ಳಲ್ಲ, ಇರುವುದೆಲ್ಲ ಅಂಗಡಿಗೆ ಬಂದ ಸರಕೂ ಅಲ್ಲ.

ಈಗ ಮೂರು ಬಿಲ್ಲುಗಳನ್ನು ಒಂದೊಂದಾಗಿ ನೋಡೋಣ.

1187ನೇ ಬಿಲ್ಲು ಆಗಸ್ಟ್ ತಿಂಗಳ 2ಬಿಯಲ್ಲಿದೆ. ₹2,000 ದರದ 40 ಕಾಯಿಲ್ ವೈರು, ಮೇಲೆ ಶೇ 18ರಂತೆ ₹14,400 ತೆರಿಗೆ. ವಿತರಕರು ಕಳಿಸಿದ ಪ್ರತಿಯಲ್ಲಿ ಸಹಿಯೂ ಇದೆ, ಆದರೆ ಅಂಗಡಿಯಲ್ಲಿ ಆ ಸಹಿಯವರು ಯಾರೂ ಇಲ್ಲ. ಟ್ಯಾಲಿಯ ದಾಸ್ತಾನು ಪಟ್ಟಿ ನೋಡಿದಾಗ ಗುಟ್ಟು ಬಯಲಾಗುತ್ತದೆ. ಅದೇ ವೈರಿನ ಎದುರು ಮೈನಸ್ 40 ಎಂದಿದೆ! ಖರೀದಿಯೇ ಆಗದ ಸರಕು ಮಾರಾಟವಾಗಿದೆ ಎಂದು ಕಂಪ್ಯೂಟರ್ ಎರಡು ತಿಂಗಳಿಂದ ಹೇಳುತ್ತಲೇ ಇತ್ತು. ಮಾರಾಟದ ಬಿಲ್ಲು ತೆಗೆದರೆ, ಆ 40 ಕಾಯಿಲ್‌ಗಳು ಹರಿಹರದ ಒಬ್ಬ ಗುತ್ತಿಗೆದಾರರಿಗೆ ಹೋಗಿವೆ. ತುರ್ತು ಇದ್ದುದರಿಂದ ಲಾರಿ ಅಂಗಡಿಗೆ ಬಾರದೆ ನೇರ ಕಟ್ಟಡದ ಜಾಗಕ್ಕೇ ಹೋಗಿದೆ, ಚಾಲಕ ಬಿಲ್ಲನ್ನು ಅಲ್ಲಿನ ಮೇಸ್ತ್ರಿಯ ಕೈಗೆ ಕೊಟ್ಟಿದ್ದಾನೆ. ಅಂಗಡಿ ಗುತ್ತಿಗೆದಾರರಿಂದ ಹಣ ಪಡೆದಿದೆ, ಖರೀದಿ ಮಾತ್ರ ಬರೆದಿಲ್ಲ. ಈ ₹94,400 ಕೊಡಲೇಬೇಕಾದ ಬಾಕಿ. ಬಿಲ್ಲಿನ ಪ್ರತಿ ತರಿಸಿ ಪುಸ್ತಕಕ್ಕೆ ಏರಿಸಬೇಕು, ₹14,400 ತೆರಿಗೆಯ ಕ್ರೆಡಿಟ್ ಪಡೆಯಬೇಕು. ಆ ಕ್ರೆಡಿಟ್‌ಗೂ ಗಡುವಿದೆ: ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು.

1302ನೆಯದು ಇಷ್ಟು ಕಷ್ಟ ಕೊಡುವುದಿಲ್ಲ. ಸೆಪ್ಟೆಂಬರ್ 29ರಂದು ಬೆಂಗಳೂರಿನಲ್ಲಿ ಪಾರ್ಸೆಲ್ ಲಾರಿಗೆ ಹಾಕಿದ ಸರಕು ರಜೆಗಳ ನಡುವೆ ಸಿಕ್ಕಿಕೊಂಡು ಅಕ್ಟೋಬರ್ 3ಕ್ಕೆ ದಾವಣಗೆರೆ ತಲುಪಿದೆ. ಅಂಗಡಿಯ ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ಅಂದಿನ ನಮೂದಿದೆ. ಇಬ್ಬರದೂ ತಪ್ಪಲ್ಲ, ತಾರೀಖಿನ ಅಂತರವಷ್ಟೆ. ತಾಳೆಪಟ್ಟಿಯಲ್ಲಿ ‘ದಾರಿಯಲ್ಲಿದ್ದ ಸರಕು’ ಎಂದು ಬರೆದರೆ ಸಾಕು. ತೆರಿಗೆ ಕ್ರೆಡಿಟ್ ಮಾತ್ರ ಸರಕು ಕೈಸೇರಿದ ಅಕ್ಟೋಬರ್ ತಿಂಗಳದ್ದು. ಒಂದು ವೇಳೆ ಸರಕು ದಾರಿಯಲ್ಲೇ ಕಳೆದಿದ್ದರೆ ಮಾತು ಬೇರೆಯಾಗುತ್ತಿತ್ತು. ಬೇರೆ ಕರಾರು ಇಲ್ಲದಿದ್ದರೆ, ಸಾಗಣೆದಾರರ ಕೈಗೆ ಕೊಟ್ಟ ಸರಕನ್ನು ಮೇಲ್ನೋಟಕ್ಕೆ ಕೊಂಡವರಿಗೇ ಕೊಟ್ಟಂತೆ ಎಂದು 1930ರ ಸರಕು ಮಾರಾಟ ಕಾಯ್ದೆ ಎಣಿಸುತ್ತದೆ. ‘ಅಂಗಡಿ ಬಾಗಿಲಿಗೆ ತಲುಪಿಸುವ ದರ’ ಎಂದು ಆರ್ಡರಿನಲ್ಲೇ ಬರೆಸಿಕೊಳ್ಳುವುದು ಇಂಥ ಸಂದರ್ಭಕ್ಕಾಗಿ.

ಉಳಿದದ್ದು 1243, ₹1,18,000. ಇದು ಅಂಗಡಿಯ 2ಬಿಯಲ್ಲಿ ಇಲ್ಲ, ರಿಜಿಸ್ಟರ್‌ನಲ್ಲಿ ಇಲ್ಲ, ದಾಸ್ತಾನಿನಲ್ಲೂ ಸುಳಿವಿಲ್ಲ. ಇ-ವೇ ಬಿಲ್ ತರಿಸಿ ನೋಡಿದರೆ ಜಿಎಸ್‌ಟಿ ನಂಬರೇ ಬೇರೆ. ಚಿತ್ರದುರ್ಗದಲ್ಲಿರುವ, ಹೆಚ್ಚುಕಮ್ಮಿ ಇದೇ ಹೆಸರಿನ ಇನ್ನೊಂದು ಅಂಗಡಿಯದು. ವಿತರಕರ ಗುಮಾಸ್ತರು ಪಟ್ಟಿಯಲ್ಲಿ ಮೇಲಿನ ಹೆಸರನ್ನು ಒತ್ತುವ ಬದಲು ಕೆಳಗಿನದನ್ನು ಒತ್ತಿದ್ದಾರೆ. ಸರಕು ಸರಿಯಾದ ಊರಿಗೆ ಹೋಗಿದೆ, ಬಾಕಿ ಮಾತ್ರ ದಾವಣಗೆರೆಗೆ ಬಂದಿದೆ. ಸರಿಪಡಿಸಬೇಕಾದವರು ವಿತರಕರು.

ಇದೇ ಬಿಲ್ಲು ಅಂಗಡಿಯ 2ಬಿಯಲ್ಲೂ ಇದ್ದು, ಸರಕು ಮಾತ್ರ ಬಂದಿರದಿದ್ದರೆ ಅಪಾಯ ಹೆಚ್ಚು. ಪಟ್ಟಿಯಲ್ಲಿ ಇದೆಯೆಂದು ಕ್ರೆಡಿಟ್ ಪಡೆದರೆ ಮುಂದೆ ಬಡ್ಡಿ, ದಂಡ ಸಮೇತ ಕಟ್ಟಬೇಕಾದೀತು, ಏಕೆಂದರೆ ಸರಕು ಕೈಸೇರಿರಬೇಕು ಎಂಬುದು ಜಿಎಸ್‌ಟಿ ಕಾಯ್ದೆಯ 16ನೇ ಕಲಂನ ಷರತ್ತು. ಇಂಥ ಬಿಲ್ಲನ್ನು ತಿರಸ್ಕರಿಸಲು 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಇದೆ. ಅಲ್ಲಿ ಏನೂ ಮಾಡದೆ ಬಿಟ್ಟರೆ ಒಪ್ಪಿಕೊಂಡಂತೆ. ಇ-ವೇ ಬಿಲ್ಲಿಗೂ ಇಂಥದೇ ನಿಯಮವಿದೆ. ತನ್ನ ನಂಬರಿಗೆ ಬೇರೆಯವರು ತೆಗೆದ ಇ-ವೇ ಬಿಲ್ಲನ್ನು 72 ಗಂಟೆಯೊಳಗೆ, ಅದಕ್ಕೂ ಮೊದಲೇ ಸರಕು ತಲುಪಿದರೆ ಅಷ್ಟರೊಳಗೆ, ತಿರಸ್ಕರಿಸದಿದ್ದರೆ ಒಪ್ಪಿದಂತೆಯೇ.

ಉಳಿದಿದ್ದ ₹11,800 ಬಿಲ್ಲಿನದೇ ಅಲ್ಲ. ಜುಲೈನಲ್ಲಿ ಅಂಗಡಿ ವಾಪಸ್ ಕಳಿಸಿದ ಕೆಟ್ಟ ಸ್ವಿಚ್ಚುಗಳಿಗೆ ಡೆಬಿಟ್ ನೋಟ್ ಬರೆದುಕೊಂಡಿದೆ, ವಿತರಕರು ಕ್ರೆಡಿಟ್ ನೋಟ್ ಕೊಡುವುದನ್ನು ಮರೆತಿದ್ದಾರೆ.

ಈಗ ಲೆಕ್ಕ ಕೂಡುತ್ತದೆ. ಅಂಗಡಿಯ ₹5,12,700ಕ್ಕೆ 1187ರ ₹94,400 ಸೇರಿದರೆ ₹6,07,100. ದಾರಿಯಲ್ಲಿದ್ದ ₹70,800 ಸೇರಿದರೆ ₹6,77,900. ಅತ್ತ ವಿತರಕರ ₹8,07,700ರಿಂದ 1243ರ ₹1,18,000 ಮತ್ತು ಕ್ರೆಡಿಟ್ ನೋಟಿನ ₹11,800 ಕಳೆದರೂ ಅದೇ ₹6,77,900. ಇಬ್ಬರೂ ಸ್ವಲ್ಪ ಸ್ವಲ್ಪ ತಪ್ಪಿದ್ದರು.

ತಾಳೆ ಮುಗಿಯುವವರೆಗೆ ಎರಡು ಕಡೆ ಕೈ ಬಿಗಿಹಿಡಿಯಬೇಕು. ಮೊದಲನೆಯದು ಸಹಿ. ಸರಕಿನ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಮಿತಿ. ಆ ಮಿತಿ ಮುಗಿಯುವ ಮೊದಲು ಬಾಕಿ ಒಪ್ಪಿ ಬರಹದಲ್ಲಿ ಸಹಿ ಹಾಕಿದರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ ಎನ್ನುತ್ತದೆ ಕಾಲಮಿತಿ ಕಾಯ್ದೆಯ 18ನೇ ಕಲಂ. ‘ಫಾರ್ಮ್ಯಾಲಿಟಿ ಸರ್, ಒಂದು ಸೈನ್ ಹಾಕಿ’ ಎಂದು ಸೇಲ್ಸ್‌ಮನ್ ಮುಂದಿಟ್ಟ ಕಾಗದಕ್ಕೆ ಇಷ್ಟು ತೂಕವಿದೆ. ಎರಡನೆಯದು ಹಣ. ಯಾವ ಬಿಲ್ಲಿಗೆಂದು ಹೇಳದೆ ಎರಡು ಲಕ್ಷ ಒಟ್ಟಿಗೆ ಕಳಿಸಿದರೆ, ತಮಗೆ ನ್ಯಾಯವಾಗಿ ಬರಬೇಕಾದ ಯಾವ ಬಾಕಿಗೆ ಅದನ್ನು ಜಮಾ ಮಾಡಬೇಕೆಂಬ ಆಯ್ಕೆ ಸಾಲಗಾರರಿಂದ ಪೂರೈಕೆದಾರರ ಕೈಗೆ ಹೋಗುತ್ತದೆ. ಗುತ್ತಿಗೆ ಕಾಯ್ದೆಯ 59 ಮತ್ತು 60ನೇ ಕಲಂಗಳು ಹೇಳುವುದು ಇದನ್ನೇ. ಅವರ ಕಂಪ್ಯೂಟರ್ ಹಳೆಯ ಬಿಲ್ಲಿಗೇ ಮೊದಲು ಜಮಾ ಹಾಕುತ್ತಿದ್ದರೆ ತಕರಾರಿನ 1243 ಸದ್ದಿಲ್ಲದೆ ‘ತೀರಿ’ ಹೋಗಿ, ಒಪ್ಪಿದ ಬಿಲ್ಲೊಂದು ಬಾಕಿಯೆಂದು ಮುಂದಿನ ಪಟ್ಟಿಯಲ್ಲಿ ಕೂತಿರುತ್ತದೆ.

ಹಾಗಾಗಿ ಹಣ ಕಳಿಸಿದ ದಿನವೇ ಯಾವ್ಯಾವ ಬಿಲ್ಲಿಗೆ ಎಷ್ಟು ಎಂದು ನಂಬರ್ ಸಮೇತ ಬರೆದು ತಿಳಿಸಿ. ಸಹಿ ಹಾಕಲೇಬೇಕಾದರೆ ‘₹6,77,900 ಮಾತ್ರ ಒಪ್ಪಿದೆ, 1243ನೇ ಬಿಲ್ಲು ₹1,18,000 ನಮ್ಮದಲ್ಲ, ₹11,800 ಕ್ರೆಡಿಟ್ ನೋಟ್ ಬರಬೇಕಿದೆ’ ಎಂದು ಸಹಿಯ ಮೇಲೆಯೇ ಬರೆಯಿರಿ. ಪ್ರತಿ ತಿಂಗಳ 14ರ ನಂತರ 2ಬಿ, ಇನ್‌ವರ್ಡ್ ರಿಜಿಸ್ಟರ್ ಮತ್ತು ಖರೀದಿ ಪುಸ್ತಕ ಮೂರನ್ನೂ ಎದುರಿಗಿಟ್ಟುಕೊಂಡು ಕೂತಿದ್ದರೆ 1187 ಸೆಪ್ಟೆಂಬರ್ ಮಧ್ಯದಲ್ಲೇ ಸಿಕ್ಕಿಬಿಡುತ್ತಿತ್ತು. ಮುಂದಿನ ಸ್ಟೇಟ್‌ಮೆಂಟ್ ಬರುವವರೆಗೆ ಕಾಯಬೇಡಿ, ಈ ತಿಂಗಳಿನದನ್ನು ನೀವೇ ಕೇಳಿ ತರಿಸಿಕೊಳ್ಳಿ.