ಹೊಸ ಹೆಸರು ಮೊದಲು, ಅಳಿಸುವುದು ಕೊನೆಗೆ

ಬೆಂಗಳೂರಿನಲ್ಲಿರಲಿ, ಬೀದರಿನಲ್ಲಿರಲಿ, ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಸಮಯದ ಸೆಟ್ಟಿಂಗ್ ತೆರೆದರೆ ಕಾಣುವ ಹೆಸರು `Asia/Kolkata`. ಇಡೀ ಭಾರತಕ್ಕೆ ಗಡಿಯಾರ ಒಂದೇ, ಅದಕ್ಕೆ ಕಂಪ್ಯೂಟರ್ ಲೋಕ ಕೊಟ್ಟ ಹೆಸರು ಕೋಲ್ಕತ್ತಾದ್ದು. ಹಿಂದೆ ಅದೇ ವಲಯ `Asia/Calcutta` ಆಗಿತ್ತು. ನಗರದ ಹೆಸರು ಬದಲಾದದ್ದು 2001ರಲ್ಲಿ. ಲಿನಕ್ಸ್, ಆಂಡ್ರಾಯ್ಡ್, ಮ್ಯಾಕ್ ಎಲ್ಲವೂ ನೆಚ್ಚಿಕೊಂಡಿರುವ ಟೈಮ್‌ಜೋನ್ ದತ್ತಸಂಚಯದಲ್ಲಿ ಅದು ಬದಲಾದದ್ದು 2008ರಲ್ಲಿ. ಆಗ ಅದನ್ನು ನೋಡಿಕೊಳ್ಳುವವರು ಹಳೆಯ ಹೆಸರನ್ನು ಅಳಿಸಲಿಲ್ಲ. `backward` ಎಂಬ ಕಡತದಲ್ಲಿ ಒಂದು ಸಾಲು ಸೇರಿಸಿದರು, ಅದು ಇಂದಿಗೂ ಅಲ್ಲಿದೆ:

```
Link  Asia/Kolkata  Asia/Calcutta
```

ಯಾರಾದರೂ ಹಳೆಯ ಹೆಸರು ಹಿಡಿದು ಬಂದರೆ ಹೊಸ ಹೆಸರಿನ ಗಡಿಯಾರವನ್ನೇ ತೋರಿಸು ಎಂಬುದು ಆ ಸಾಲಿನ ಅರ್ಥ. ಹೆಸರು ಬದಲಿಸಿದಾಗಲೆಲ್ಲ ಹಳೆಯದನ್ನು ಹೀಗೆ ಕೊಂಡಿಯಾಗಿ ಉಳಿಸಬೇಕೆಂಬುದು ಆ ದತ್ತಸಂಚಯದ ಬರೆದಿಟ್ಟ ನಿಯಮ. ಅದು ಅನವಶ್ಯಕ ಮರ್ಯಾದೆಯೇನಲ್ಲ. ಹೆಸರು ಬದಲಾಗಿ ವರ್ಷಗಳು ಕಳೆದ ಮೇಲೂ ಕ್ರೋಮ್ ಬ್ರೌಸರ್ ಭಾರತದ ವಲಯ ಯಾವುದು ಎಂದು ಕೇಳಿದ ಪ್ರೋಗ್ರಾಮಿಗೆ `Asia/Calcutta` ಎಂದೇ ಉತ್ತರಿಸುತ್ತಿತ್ತು, ಫೈರ್‌ಫಾಕ್ಸ್ `Asia/Kolkata` ಎನ್ನುತ್ತಿತ್ತು. ಕೊಂಡಿ ಇದ್ದುದರಿಂದ ಎರಡೂ ಉತ್ತರಗಳು ನಡೆದವು. ಅದಿಲ್ಲದಿದ್ದರೆ ಯಾವುದೋ ಸರ್ವರ್ ಇಂಥ ವಲಯವೇ ಇಲ್ಲ ಎಂದು ಕೈಚೆಲ್ಲುತ್ತಿತ್ತು.

ಗಿಟ್‌ನಲ್ಲಿ ಟ್ಯಾಗ್‌ನ ಹೆಸರು ಬದಲಿಸಲು ಹೊರಟವರು ಸಾಮಾನ್ಯವಾಗಿ ಕೇಳುವುದು ಇದಕ್ಕೆ ತದ್ವಿರುದ್ಧ: ಹಳೆಯ ಟ್ಯಾಗ್ ಅಳಿಸಿ ಹೊಸ ಹೆಸರಲ್ಲಿ ಮತ್ತೆ ಮಾಡುವುದು ಹೇಗೆ? ಪ್ರಶ್ನೆಯ ಕ್ರಮದಲ್ಲೇ ತೊಂದರೆ ಇದೆ. ಗಿಟ್‌ನಲ್ಲಿ ಟ್ಯಾಗ್‌ಗೆ ಮರುನಾಮಕರಣ ಮಾಡುವ ಆಜ್ಞೆಯೇ ಇಲ್ಲ, ಇರುವುದು ಸೃಷ್ಟಿಸುವುದು ಮತ್ತು ಅಳಿಸುವುದು ಮಾತ್ರ. ಈ ಎರಡರಲ್ಲಿ ಅಳಿಸುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು, ಎಷ್ಟೋ ಸಲ ಕೈಬಿಡಲೂಬೇಕು ಎಂಬುದು ನನ್ನ ವಾದ. ಕಾರಣ ತಿಳಿಯಲು ಟ್ಯಾಗ್ ಏನು ಎಂದು ಸ್ವಲ್ಪ ಬಿಚ್ಚಿ ನೋಡಬೇಕು. ಟ್ಯಾಗ್ ಎರಡು ಬಗೆ. ಹಗುರ ಟ್ಯಾಗ್ ಎಂದರೆ ಒಂದು ಹೆಸರು, ಅದರೊಳಗೆ ಒಂದು ಕಮಿಟ್‌ನ 40 ಅಕ್ಷರಗಳ ಹ್ಯಾಶ್, ಅಷ್ಟೇ. ಟಿಪ್ಪಣಿ ಟ್ಯಾಗ್ ಹಾಗಲ್ಲ. ಅದು ಗಿಟ್‌ನ ಉಗ್ರಾಣದಲ್ಲಿ ಒಂದು ಪ್ರತ್ಯೇಕ ವಸ್ತು, ಅದರೊಳಗೆ ಯಾವ ಕಮಿಟ್, ಯಾರು ಹಾಕಿದರು, ಯಾವಾಗ, ಏನು ಸಂದೇಶ ಎಂಬುದರ ಜೊತೆಗೆ ಟ್ಯಾಗ್‌ನ ಹೆಸರೂ ಬರೆದಿರುತ್ತದೆ. ರಿಲೀಸ್‌ಗಳಿಗೆ ಬಳಸುವುದು ಹೆಚ್ಚಾಗಿ ಈ ಎರಡನೆಯ ಬಗೆಯನ್ನೇ.

ಒಂದು ಉದಾಹರಣೆ ಹಿಡಿದೇ ಹೋಗೋಣ. ಕನ್ನಡ ಕಾಗುಣಿತ ತಿದ್ದುವ ಒಂದು ತಂತ್ರಾಂಶ ಗಿಟ್‌ಹಬ್‌ನಲ್ಲಿದೆ ಎಂದುಕೊಳ್ಳಿ. ಅದರ ಹಳೆಯ ರಿಲೀಸ್‌ನ ಟ್ಯಾಗ್ `ver-1.4`. ಆಮೇಲೆ ತಂಡ `v1.5.0`, `v1.6.0` ಎಂಬ ಪದ್ಧತಿಗೆ ಬಂದಿದೆ, ಹಳೆಯದನ್ನೂ `v1.4.0` ಮಾಡಬೇಕೆಂಬುದು ಆಸೆ. ಹೊಸದಾಗಿ ಕಲಿತವರು ಇಲ್ಲಿ ಬರೆಯುವುದು `git tag v1.4.0 ver-1.4`. ನೋಡಲು ಸರಿಯಾಗಿಯೇ ಇದೆ. ಆದರೆ `ver-1.4` ಟಿಪ್ಪಣಿ ಟ್ಯಾಗ್ ಆಗಿದ್ದರೆ ಹೊಸ ಹೆಸರು ಕಮಿಟ್‌ನತ್ತ ಹೋಗುವುದಿಲ್ಲ, ಹಳೆಯ ಟ್ಯಾಗ್ ವಸ್ತುವಿನತ್ತಲೇ ಬೆರಳು ಮಾಡುತ್ತದೆ. ಹೊರಗೆ `v1.4.0`, ಒಳಗೆ `ver-1.4`. ಇದು ಗೊತ್ತಾಗುವುದು `git cat-file -p v1.4.0` ಎಂದು ಕೇಳಿದಾಗ. ಒಳಗಿನ `tag` ಎಂಬ ಸಾಲು ಇನ್ನೂ ಹಳೆಯ ಹೆಸರನ್ನೇ ಹೇಳುತ್ತಿರುತ್ತದೆ. ಅದರ ಬದಲು ಟ್ಯಾಗ್‌ನ ಹೊದಿಕೆ ಸುಲಿದು ಒಳಗಿನ ಕಮಿಟ್ ಹಿಡಿಯಬೇಕು. ಅದಕ್ಕಿರುವ ಗುರುತು `^{}`.

```
git tag -a v1.4.0 'ver-1.4^{}' -m "1.4.0"
git rev-parse 'ver-1.4^{}' 'v1.4.0^{}'
```

ಎರಡನೆಯ ಸಾಲು ಎರಡು ಹ್ಯಾಶ್‌ಗಳನ್ನು ಮುದ್ರಿಸುತ್ತದೆ. ಅವು ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಹೊಸ ಟ್ಯಾಗ್‌ಗೆ ಇಂದಿನ ದಿನಾಂಕ ಬಿದ್ದಿರುತ್ತದೆ, ಹಳೆಯ ಸಹಿ ಇದ್ದರೆ ಅದು ಇದಕ್ಕೆ ದಾಟಿ ಬರುವುದಿಲ್ಲ. ಹಳೆಯ ದಿನಾಂಕವನ್ನೇ ಕೂರಿಸುವ ಉಪಾಯಗಳಿವೆ. ನನಗೆ ಅವು ಅಷ್ಟು ಒಪ್ಪಿಗೆಯಿಲ್ಲ. ಇಂದು ಹಾಕಿದ ಟ್ಯಾಗ್‌ಗೆ ಇಂದಿನ ದಿನಾಂಕ ಇರುವುದೇ ನಿಜ. ಅದರಿಂದ ಒಂದು ಅನುಕೂಲವೂ ಇದೆ: ಒಂದೇ ಕಮಿಟ್‌ಗೆ ಎರಡು ಟಿಪ್ಪಣಿ ಟ್ಯಾಗ್‌ಗಳಿದ್ದರೆ `git describe` ಈಚಿನ ದಿನಾಂಕದ್ದನ್ನೇ ಆರಿಸುತ್ತದೆ.

ಈಗ ಹೊಸ ಹೆಸರನ್ನು ರಿಮೋಟ್‌ಗೆ ಕಳಿಸಬೇಕು. ಅದಕ್ಕೆ ಮೊದಲು ಒಂದು ಕಡೆ ಕಣ್ಣಾಡಿಸುವುದು ಒಳ್ಳೆಯದು. ಎಷ್ಟೋ ತಂಡಗಳು `v` ಇಂದ ಶುರುವಾಗುವ ಟ್ಯಾಗ್ ಬಂದ ಕೂಡಲೇ ಪ್ಯಾಕೇಜ್ ಕಟ್ಟಿ ಪ್ರಕಟಿಸುವ ಯಂತ್ರವನ್ನು ಕೂರಿಸಿರುತ್ತವೆ. ಯಂತ್ರಕ್ಕೆ ಇದು ಮರುನಾಮಕರಣ ಎಂದು ಗೊತ್ತಿಲ್ಲ, ಹೊಸ ಟ್ಯಾಗ್ ಬಂತು ಎಂದಷ್ಟೇ ಗೊತ್ತು. ಎಂದೋ ಪ್ರಕಟವಾದ 1.4 ಅನ್ನು ಅದು ಮತ್ತೆ ಕಟ್ಟಲು ಹೊರಡುತ್ತದೆ. ಎನ್‌ಪಿಎಂ, ಪೈಪಿಐ ಥರದ ಕಣಜಗಳು ಪ್ರಕಟವಾದ ಆವೃತ್ತಿಯ ಮೇಲೆ ಮತ್ತೆ ಬರೆಯಲು ಬಿಡದೆ ತಿರಸ್ಕರಿಸುತ್ತವೆ, ಅಲ್ಲಿಗೆ ಕೆಂಪು ದೀಪವೊಂದೇ ನಷ್ಟ. ಸರ್ವರ್‌ಗೆ ನೇರವಾಗಿ ತಂತ್ರಾಂಶ ಇಳಿಸುವ ಯಂತ್ರವಾದರೆ ಮಾತ್ರ ಹಳೆಯ ಆವೃತ್ತಿ ಹೊಸದರ ಮೇಲೆ ಬಂದು ಕೂತೀತು. ಆದ್ದರಿಂದ ಆ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆಮೇಲೆ ಕಳಿಸಬೇಕು.

```
git push origin refs/tags/v1.4.0
git ls-remote --tags origin
```

ಟಿಪ್ಪಣಿ ಟ್ಯಾಗ್ ಒಂದಕ್ಕೆ ಎರಡನೆಯ ಆಜ್ಞೆ ಎರಡೆರಡು ಸಾಲು ತೋರಿಸುತ್ತದೆ, ಒಂದು ಟ್ಯಾಗ್ ವಸ್ತುವಿನದು, ಇನ್ನೊಂದು `^{}` ಹಚ್ಚಿದ ಕಮಿಟ್‌ನದು. ಹೋಲಿಸಬೇಕಾದ್ದು `^{}` ಇರುವ ಸಾಲುಗಳನ್ನು. ಮೊದಲನೆಯವು ಬೇರೆಬೇರೆಯಾಗಿಯೇ ಇರಬೇಕು, ಅದನ್ನು ಕಂಡು ಗಾಬರಿಯಾಗುವುದು ಬೇಡ.

ಇಷ್ಟರವರೆಗೆ ರಿಲೀಸ್‌ಗೆ ಏನೂ ಆಗಿಲ್ಲ, ಅದು ಹಳೆಯ ಟ್ಯಾಗ್‌ಗೆ ಅಂಟಿಕೊಂಡೇ ಇದೆ. ಅಂಟಿಕೊಂಡಿರುವ ರೀತಿಯನ್ನು ಹಲವರು ತಪ್ಪು ತಿಳಿಯುತ್ತಾರೆ. ರಿಲೀಸ್ ಎಂಬುದು ಗಿಟ್‌ನ ವಸ್ತುವಲ್ಲ. ಅದು ಗಿಟ್‌ಹಬ್ ತನ್ನ ದಾಖಲೆಯಲ್ಲಿ ಇಟ್ಟುಕೊಂಡದ್ದು, ಅದು ಹಿಡಿದಿರುವುದು ಟ್ಯಾಗ್‌ನ ಹೆಸರನ್ನು, ಕಮಿಟ್‌ನ ಹ್ಯಾಶ್ ಅನ್ನಲ್ಲ. ಹಳೆಯ ಟ್ಯಾಗ್ ಅನ್ನು ಮೊದಲೇ ಅಳಿಸಿದರೆ ಆ ರಿಲೀಸ್ ಕರಡು ಸ್ಥಿತಿಗೆ ಇಳಿಯುತ್ತದೆ. ತಂಡದವರಿಗೆ ಕಾಣುತ್ತದೆ, ಸಾರ್ವಜನಿಕರಿಗೆ ಮಾಯ. ಅದಕ್ಕೆ ಲಗತ್ತಿಸಿದ ಜಿಪ್ ಕಡತಗಳು ಅಳಿದುಹೋಗಿರುವುದಿಲ್ಲ, ಆದರೆ ಹೊರಗಿನವರು ಇಳಿಸಿಕೊಳ್ಳಲಾರರು. ಕೊನೆಗೆ ಎರಡೂ ಕ್ರಮಗಳ ಫಲ ಒಂದೇ ತಾನೇ ಎನ್ನುವವರಿಗೆ ಉತ್ತರ ಇಲ್ಲಿದೆ: ನಡುವಿನ ಹೊತ್ತು ಒಂದೇ ಅಲ್ಲ. ಇನ್ನೊಂದು ತಪ್ಪಿಗೂ ಇಲ್ಲಿ ಜಾಗವಿದೆ. ಹೊಸ ಟ್ಯಾಗ್ ರಿಮೋಟ್‌ನಲ್ಲಿ ಇಲ್ಲದಾಗಲೇ ರಿಲೀಸ್‌ನ ಪುಟದಲ್ಲಿ ಹೊಸ ಹೆಸರು ಬರೆದರೆ ಗಿಟ್‌ಹಬ್ ಆ ಟ್ಯಾಗ್ ಅನ್ನು ತಾನೇ ಸೃಷ್ಟಿಸಬಹುದು, ಅದೂ ಮುಖ್ಯ ಶಾಖೆಯ ಇಂದಿನ ತುದಿಯಲ್ಲಿ. 1.4 ಎಂಬ ಹೆಸರಿನ ಕೆಳಗೆ 1.6ರ ಕೋಡ್ ಕೂರುತ್ತದೆ. ಟ್ಯಾಗ್ ಅನ್ನು ಮೊದಲು ಕಳಿಸಿದ್ದರೆ ಈ ಅಪಾಯವಿಲ್ಲ, ಆಗ ಒಂದು ಸಾಲು ಸಾಕು:

```
gh release edit ver-1.4 --tag v1.4.0
```

ಟಿಪ್ಪಣಿ, ಲಗತ್ತು ಎಲ್ಲ ಹಾಗೇ ಉಳಿದು ರಿಲೀಸ್ ಹೊಸ ಹೆಸರಿಗೆ ಅಂಟಿಕೊಳ್ಳುತ್ತದೆ. ಬದಲಾಗುವುದು ವಿಳಾಸ. ಲಗತ್ತಿನ ಡೌನ್‌ಲೋಡ್ ಕೊಂಡಿಯ ಒಳಗೇ ಟ್ಯಾಗ್‌ನ ಹೆಸರು ಇರುವುದರಿಂದ ಹಳೆಯ ಕೊಂಡಿ ಸತ್ತುಹೋಗುತ್ತದೆ. ಕೋಲ್ಕತ್ತಾದ ಸಮಯ ವಲಯಕ್ಕೆ ಸಿಕ್ಕಂಥ ಕೊಂಡಿಯ ಸಾಲು ಇಲ್ಲಿ ಇಲ್ಲ. ಹಳೆಯ ವಿಳಾಸವನ್ನು ಜನ ಇನ್ನೂ ಬಳಸುತ್ತಿದ್ದರೆ ರಿಲೀಸ್ ಅನ್ನು ಎತ್ತಿ ಒಯ್ಯುವ ಬದಲು ಅದನ್ನು ಅಲ್ಲೇ ಬಿಟ್ಟು, `v1.4.0`ಗೆ ಇನ್ನೊಂದು ರಿಲೀಸ್ ಮಾಡಿ ಅದೇ ಕಡತಗಳನ್ನು ಲಗತ್ತಿಸುವುದು ಮೇಲು. ಮೂಲ ಕೋಡ್‌ನ ಟಾರ್ ಕಡತದ ಕತೆ ಇನ್ನೂ ಸೂಕ್ಷ್ಮ. ಗಿಟ್‌ಹಬ್ ಅದನ್ನು ಕಟ್ಟುವಾಗ ಹೊರಗಿನ ಫೋಲ್ಡರಿನ ಹೆಸರನ್ನು ಟ್ಯಾಗ್‌ನಿಂದಲೇ ಮಾಡುತ್ತದೆ. ಕೋಡ್‌ನಲ್ಲಿ ಒಂದು ಅಕ್ಷರವೂ ಬದಲಾಗದಿದ್ದರೂ ಫೋಲ್ಡರಿನ ಹೆಸರು ಬದಲಾದ್ದರಿಂದ ಇಡೀ ಕಡತದ ಚೆಕ್‌ಸಮ್ ಬೇರೆಯಾಗುತ್ತದೆ. ಆ ಚೆಕ್‌ಸಮ್ ಅನ್ನು ತನ್ನ ಪಾಕವಿಧಿಯಲ್ಲಿ ಬರೆದಿಟ್ಟುಕೊಂಡ ಪ್ಯಾಕೇಜ್ ವ್ಯವಸ್ಥೆ ಕಡತ ಕೆಟ್ಟಿದೆ ಎಂದೇ ತಿಳಿಯುತ್ತದೆ.

ಹಾಗಾದರೆ ಒಂದೇ ಕಮಿಟ್‌ಗೆ ಎರಡು ಹೆಸರು ಶಾಶ್ವತವಾಗಿ ಉಳಿದರೆ ಗೊಂದಲವಲ್ಲವೇ, ಟ್ಯಾಗ್‌ಗಳ ಪಟ್ಟಿ ಕೊಳೆಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆವೃತ್ತಿಗಳನ್ನು ಎಣಿಸುವ ಕೆಲವು ಉಪಕರಣಗಳು 1.4 ಅನ್ನು ಎರಡು ಸಲ ಲೆಕ್ಕ ಹಾಕಿಯಾವು. ಆದರೆ ಎರಡು ಪಾಲಿನ ನಷ್ಟಗಳನ್ನು ತೂಗಿ ನೋಡಬೇಕು. ಹಳೆಯ ಹೆಸರು ಉಳಿದರೆ ಅದನ್ನು ಸಹಿಸಬೇಕಾದವರು ಪಟ್ಟಿ ಕಾಣುವ ತಂಡದವರು. ಅಳಿಸಿದರೆ ತೊಂದರೆ ಆಗುವುದು ತಂಡಕ್ಕೆ ಪರಿಚಯವೇ ಇಲ್ಲದ ಬಳಕೆದಾರರಿಗೆ. ಗಿಟ್‌ನ ಸ್ವಂತ ಕೈಪಿಡಿಯೂ ಒಮ್ಮೆ ಹೊರಗೆ ಹೋದ ಟ್ಯಾಗ್ ಬಗ್ಗೆ ಎಚ್ಚರದಿಂದಲೇ ಮಾತಾಡುತ್ತದೆ: ಅದೇ ಹೆಸರನ್ನು ತಿದ್ದುವುದಕ್ಕಿಂತ ಬೇರೆ ಹೆಸರು ಕೊಡುವುದೇ ಲೇಸು ಎಂಬ ಕಡೆಗೆ ಅದರ ಒಲವು. ಟ್ಯಾಗ್ ಹಾಕಿದ್ದು ನಿನ್ನೆ, ರಿಲೀಸ್ ಇನ್ನೂ ಯಾರ ಕೈಗೂ ಹೋಗಿಲ್ಲ, ಹೆಸರಿನಲ್ಲಿ ಅಕ್ಷರ ತಪ್ಪಿದೆ ಎಂಬ ಸಂದರ್ಭದಲ್ಲಿ ಮಾತ್ರ ಅಳಿಸಲು ನನ್ನ ಅಭ್ಯಂತರವಿಲ್ಲ.

```
git push origin --delete refs/tags/ver-1.4
git tag -d ver-1.4
```

ಪೂರ್ತಿ `refs/tags/` ಬರೆದದ್ದಕ್ಕೆ ಕಾರಣವಿದೆ. ಅದೇ ಹೆಸರಿನ ಶಾಖೆ ಇದ್ದರೂ ಯಾವುದನ್ನು ಅಳಿಸಬೇಕೆಂದು ಗಿಟ್‌ಗೆ ಅನುಮಾನ ಬರುವುದಿಲ್ಲ. ಎರಡನೆಯ ಆಜ್ಞೆ ಅಳಿಸಿದ ಮೇಲೆ `was` ಎಂಬ ಪದದ ಮುಂದೆ ಒಂದು ಚಿಕ್ಕ ಹ್ಯಾಶ್ ತೋರಿಸುತ್ತದೆ. ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಶಾಖೆಗಳಿಗಿರುವಂಥ ಚಲನವಲನದ ದಾಖಲೆ ಟ್ಯಾಗ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಮನಸ್ಸು ಬದಲಾದರೆ, ಗಿಟ್ ಕಸ ಗುಡಿಸುವ ಮೊದಲೇ `git tag ver-1.4` ಎಂದು ಬರೆದು ಮುಂದೆ ಆ ಹ್ಯಾಶ್ ಸೇರಿಸಿದರೆ ಹಳೆಯ ಟ್ಯಾಗ್ ಇದ್ದ ಹಾಗೇ ಮರಳುತ್ತದೆ.

ಇಷ್ಟಾದರೂ ಅಳಿಸಿದ ಹೆಸರು ಕೆಲವು ದಿನಗಳಲ್ಲಿ ರಿಮೋಟ್‌ಗೆ ಮತ್ತೆ ಬಂದು ಕೂರುವುದುಂಟು. ಸಹೋದ್ಯೋಗಿಗಳ ಕ್ಲೋನ್‌ಗಳಲ್ಲಿ `ver-1.4` ಹಾಗೇ ಇರುತ್ತದೆ, ಏಕೆಂದರೆ ಮಾಮೂಲಿ `git fetch` ಹೊಸ ಟ್ಯಾಗ್ ತರುತ್ತದೆಯೇ ಹೊರತು ಹಳೆಯದನ್ನು ತೆಗೆಯುವುದಿಲ್ಲ. ಅವರಲ್ಲೊಬ್ಬರು `git push --tags` ಎಂದರೆ ಸತ್ತ ಟ್ಯಾಗ್ ಎದ್ದು ಬರುತ್ತದೆ. ಅವರವರ ಯಂತ್ರದಲ್ಲಿ `git tag -d ver-1.4` ಮಾಡಿಸುವುದು ನೇರವಾದ ದಾರಿ. ಗಿಟ್ 2.17ರಿಂದ `git fetch --prune --prune-tags` ಕೂಡ ಇದೆ, ಆದರೆ ಅದು ರಿಮೋಟ್‌ನಲ್ಲಿ ಇಲ್ಲದ ಎಲ್ಲ ಟ್ಯಾಗ್‌ಗಳನ್ನೂ ಕಿತ್ತುಹಾಕುತ್ತದೆ, ಯಾರೋ ತಮ್ಮ ಗುರುತಿಗೆಂದು ಇಟ್ಟುಕೊಂಡ ಖಾಸಗಿ ಟ್ಯಾಗ್‌ಗಳೂ ಸೇರಿ. ತಂಡ ದೊಡ್ಡದಾಗಿದ್ದರೆ ರಿಮೋಟ್‌ನಲ್ಲೇ `ver-*` ಹೆಸರಿನ ಟ್ಯಾಗ್ ಸೃಷ್ಟಿಸದಂತೆ ನಿಯಮ ಹಾಕಬಹುದು, ಆಗ ಹಳೆಯ ಕ್ಲೋನ್‌ನಿಂದ ಬಂದ ಪುಶ್ ಅಲ್ಲೇ ತಿರಸ್ಕಾರವಾಗುತ್ತದೆ, ಕಳಿಸಿದವರಿಗೂ ವಿಷಯ ತಿಳಿಯುತ್ತದೆ.